ಚುಕ್ಕೆಯೊಳಗಿನ ಐದೂವರೆ ಅಡಿ

ನಕ್ಷೆಯಲ್ಲಿ ಎಲ್ಲರ ಮನೆಯೂ ಚಪ್ಪಟೆ. ಚಂದಾಪುರ–ಆನೇಕಲ್ ರಸ್ತೆಯ ಬಡಾವಣೆಗಳಲ್ಲಿ 30–40ರ ಸೈಟು ಕೊಂಡವರು ಮೊದಲು ಗೃಹಪ್ರವೇಶ ಮಾಡುವುದೇ ಈ ಚಪ್ಪಟೆ ಮನೆಗೆ. ಸೋಫಾ ಎಲ್ಲಿ, ಟಿವಿ ಎಲ್ಲಿ ಎಂಬ ಜಗಳವೂ ಅಲ್ಲೇ ಮುಗಿದುಹೋಗುತ್ತದೆ. ನಮ್ಮ ಮನೆಯ ನಕ್ಷೆಯನ್ನು ವೈರಿನ ಲೆಕ್ಕಕ್ಕೆಂದು ವಶಪಡಿಸಿಕೊಂಡವನು ನನ್ನ ಭಾವಮೈದ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಸಾಫ್ಟ್‌ವೇರು. ಮದುವೆಗೆ ಹೆಣ್ಣು ನೋಡಲು ಹೋಗುವಾಗಲೂ ಎಕ್ಸೆಲ್ ಶೀಟ್ ಮಾಡಿಕೊಂಡು ಹೋದವನು.

"ಭಾವ, ಈ ಎಲೆಕ್ಟ್ರಿಷಿಯನ್‌ಗಳು ಬಾಯಿಗೆ ಬಂದಷ್ಟು ಕಾಯಿಲ್ ಹೇಳ್ತಾರೆ. ನಕ್ಷೆ ಇದೆ, ಸ್ಕೇಲ್ ಇದೆ. ಅಳೆದ್ರೆ ಆಯ್ತು," ಎಂದ.

ಅಳೆದ. ಮೊದಲು ಸ್ವಿಚ್ಚಿನಿಂದ ದೀಪಕ್ಕೆ ಹೋಗುವ ಬಾಗುಗೆರೆಗಳ ಮೇಲೆ ಹೊಲಿಗೆ ದಾರ ಇಟ್ಟು ಅಳೆಯುತ್ತಿದ್ದ. ಅಷ್ಟರಲ್ಲಿ ಬಂದ ಎಲೆಕ್ಟ್ರಿಷಿಯನ್, ಆ ಗೆರೆ ಯಾವ ಸ್ವಿಚ್ಚು ಯಾವ ದೀಪದ್ದು ಎಂದು ತೋರಿಸಲು ಮಾತ್ರ, ಪೈಪಿನ ದಾರಿ ಅದಲ್ಲ, ಮೋಲ್ಡಿನೊಳಗೆ ಪೈಪು ನೇರ ಹೋಗುತ್ತದೆ ಎಂದ. ದಾರ ಹೋಯಿತು, ಸ್ಕೇಲು ಬಂತು.

ಒಂದೇ ಒಂದು ಮಲಗುವ ಕೋಣೆ, 10ಕ್ಕೆ 12. ಹಾಲಿನ ಡಿಬಿಯಿಂದ ಬಾಗಿಲ ಪಕ್ಕದ ಸ್ವಿಚ್‌ಬೋರ್ಡಿಗೆ 15 ಅಡಿ, ಅಲ್ಲಿಂದ ಫ್ಯಾನಿಗೆ 6, ಫ್ಯಾನಿನಿಂದ ಎದುರು ಗೋಡೆಯ ಟ್ಯೂಬ್‌ಲೈಟಿಗೆ 6. ಒಟ್ಟು 27 ಅಡಿ. ಪಿವಿಸಿ ಪೈಪು ಒಂದೊಂದು 3 ಮೀಟರ್, ಹತ್ತಿರ ಹತ್ತಿರ 10 ಅಡಿ. "ಮೂರು ಪೈಪು, ಕತ್ತರಿಸಿದ್ದು ಮಿಗತ್ತೆ," ಎಂದು ಭಾವಮೈದ ಪೆನ್ನಿನ ಮುಚ್ಚಳ ಹಾಕಿದ.

ಎಲೆಕ್ಟ್ರಿಷಿಯನ್ ನಕ್ಷೆಯನ್ನೂ ನೋಡಿದ, ನಮ್ಮಿಬ್ಬರನ್ನೂ ನೋಡಿದ. "ಸಾರ್, ಬೋರ್ಡು ನೆಲದ ಮೇಲೆ ಮಲಗಿರತ್ತಾ?"

ವಿಷಯ ಇರುವುದು ಅಲ್ಲಿ. ನಕ್ಷೆ ಎಂದರೆ ಮನೆಯನ್ನು ನೆತ್ತಿಯ ಮೇಲಿಂದ ನೋಡುವುದು. ಅಡ್ಡಕ್ಕೆ ಹೋಗುವ ಪೈಪು ಗೆರೆಯಾಗಿ ಕಾಣುತ್ತದೆ; ನೇರ ಕೆಳಗಿಳಿಯುವ ಪೈಪು ಬರೀ ಚುಕ್ಕೆ. ನಮ್ಮ ಚಾವಣಿ 10 ಅಡಿ, ಬೋರ್ಡು ನೆಲದಿಂದ ನಾಲ್ಕೂವರೆ ಅಡಿ. ಹಾಗಾಗಿ ಬೋರ್ಡಿನ ಪ್ರತಿ ಚುಕ್ಕೆಯೊಳಗೂ ಐದೂವರೆ ಅಡಿ ಪೈಪು ಅಡಗಿ ಕೂತಿರುತ್ತದೆ. ಡಿಬಿ 6 ಅಡಿ ಎತ್ತರದಲ್ಲಿದ್ದರೆ ಅಲ್ಲೊಂದು 4 ಅಡಿ, ಟ್ಯೂಬ್‌ಲೈಟು 8 ಅಡಿಯಲ್ಲಿದ್ದರೆ ಇನ್ನೆರಡು.

ಲೆಕ್ಕ ಮತ್ತೆ ಶುರುವಾಯಿತು. ಡಿಬಿಯಿಂದ 4 ಅಡಿ ಮೇಲೆ, 15 ಅಡ್ಡ, ಐದೂವರೆ ಕೆಳಗೆ: 24.5. ಬೋರ್ಡಿನಿಂದ ಫ್ಯಾನಿಗೆ ಬೇರೆ ಪೈಪು, ಐದೂವರೆ ಮೇಲೆ, 6 ಅಡ್ಡ: 11.5. ಫ್ಯಾನಿನಿಂದ ಟ್ಯೂಬಿಗೆ 8. ಒಟ್ಟು 44 ಅಡಿ, ಅಂದರೆ ಐದು ಪೈಪು. ಭಾವಮೈದ ಪೆನ್ನಿನ ಮುಚ್ಚಳ ತೆಗೆದ.

ಪೈಪಿನಲ್ಲಿ ಆದದ್ದು ಸಣ್ಣ ಏಟು. ವೈರಿನಲ್ಲಿ ಅದೇ ತಪ್ಪು ಮೂರು ಪಟ್ಟು, ನಾಲ್ಕು ಪಟ್ಟು ಆಗುತ್ತದೆ. ಡಿಬಿಯಿಂದ ಬೋರ್ಡಿಗೆ ಫೇಸ್, ನ್ಯೂಟ್ರಲ್, ಅರ್ತ್ ಎಂದು ಮೂರು ವೈರು. ಬೋರ್ಡಿನಿಂದ ಫ್ಯಾನಿಗೆ ನಾಲ್ಕು: ಫ್ಯಾನಿನ ಸ್ವಿಚ್ಚಿನದೊಂದು, ಟ್ಯೂಬಿನ ಸ್ವಿಚ್ಚಿನದೊಂದು, ಎರಡಕ್ಕೂ ಸೇರಿ ನ್ಯೂಟ್ರಲ್ ಮತ್ತು ಅರ್ತ್. ಮುಂದೆ ಟ್ಯೂಬಿಗೆ ಮೂರು. ಆಯಾ ಪೈಪಿನ ಉದ್ದವನ್ನು ಅದರೊಳಗಿನ ವೈರುಗಳ ಸಂಖ್ಯೆಯಿಂದ ಗುಣಿಸಿ ಕೂಡಿದರೆ 143.5 ಅಡಿ. ಡಿಬಿಯಲ್ಲಿ ಎರಡಡಿ, ಬೋರ್ಡಿನಲ್ಲಿ ಒಂದಡಿ, ಚಾವಣಿ ಪೆಟ್ಟಿಗೆಯಲ್ಲಿ ಅರ್ಧ ಅಡಿ ಎಂದು ತುದಿಗಳಿಗೆ ಬಿಡಲು ಇನ್ನೊಂದು 18. ಸುಮಾರು 161 ಅಡಿ, 49 ಮೀಟರ್. ಚಪ್ಪಟೆ ಲೆಕ್ಕದ ಪ್ರಕಾರ ಅದು 87 ಅಡಿ ಮಾತ್ರ! 90 ಮೀಟರಿನ ಕಾಯಿಲ್‌ನಲ್ಲಿ ಮೂರನೇ ಒಂದು ಭಾಗವೂ ಬೇಡ ಎಂದುಕೊಂಡಿದ್ದ ಕೋಣೆ ಅರ್ಧಕ್ಕಿಂತ ಹೆಚ್ಚು ನುಂಗುತ್ತದೆ. ಅದೂ ಒಂದೇ ಕಾಯಿಲ್ ಅಲ್ಲ. ಕೆಂಪು, ಕಪ್ಪು, ಹಸಿರು ಮೂರನ್ನೂ ಬೇರೆ ಬೇರೆ ಕೂಡಬೇಕು. ಅರ್ತಿನ ಹಸಿರಿಗೂ ದುಡ್ಡು ಕೊಡಬೇಕೆಂಬುದು ನಕ್ಷೆ ನೋಡುವವರಿಗೆ ಹೊಳೆಯುವುದೇ ಇಲ್ಲ.

"ಹಾಗಾದ್ರೆ ಒಟ್ಟಿನ ಮೇಲೆ ಇಪ್ಪತ್ತು ಪರ್ಸೆಂಟ್ ಸೇರಿಸಿಬಿಡೋಣ," ಎಂದ ಭಾವಮೈದ, ಹಳೇ ಕಂಪನಿಯ ಅಭ್ಯಾಸ. ಅದು ನಡೆಯುವುದಿಲ್ಲ. ಕೋಣೆ ಚಿಕ್ಕದಾದರೆ ಅಡ್ಡದ ಉದ್ದ ಕಡಿಮೆಯಾಗುತ್ತದೆ, ಇಳಿತದ್ದು ಆಗುವುದಿಲ್ಲ. ಬಚ್ಚಲುಮನೆಯಲ್ಲಿ ಅಡ್ಡಕ್ಕಿಂತ ಇಳಿತವೇ ಜಾಸ್ತಿ ಆದರೂ ಆಶ್ಚರ್ಯವಿಲ್ಲ. ಮಂಚದ ಪಕ್ಕ ನೆಲದಿಂದ ಒಂದಡಿ ಎತ್ತರದಲ್ಲಿ ಫೋನ್ ಚಾರ್ಜಿಗೊಂದು ಪ್ಲಗ್ ಬೇಕೆಂದು ನನ್ನ ಹೆಂಡತಿ ಕೇಳಿದಳು. ಚಾವಣಿಯಿಂದ ಇಳಿಸಿದರೆ ಆ ಒಂದು ಪ್ಲಗ್ಗಿಗೆ 9 ಅಡಿ. ಅದೇ ಗೋಡೆಯಲ್ಲಿ ಮೇಲೊಂದು ಬೋರ್ಡಿದ್ದರೆ ಅಲ್ಲಿಂದ ಮೂರೂವರೆ ಅಡಿಯಲ್ಲಿ ಮುಗಿಯುತ್ತದೆ.

ಲೆಕ್ಕ ಕಡಿಮೆಯಾದರೆ ಇನ್ನೊಂದು ಕಾಯಿಲ್ ತಂದರಾಯಿತು ಎನ್ನಬಹುದು, ತಂದರೆ ಸರಿ. ತರುವ ಬದಲು ತುಂಡು ವೈರನ್ನು ಪೈಪಿನೊಳಗೇ ಗಂಟುಹಾಕಿ ಟೇಪು ಸುತ್ತುವವರಿದ್ದಾರೆ. ಜೋಡಣೆ ಏನಿದ್ದರೂ ಪೆಟ್ಟಿಗೆಯಲ್ಲಿರಬೇಕು. ಪೈಪಿನೊಳಗೆ ಅದು ಸಡಿಲಾಗಿ ಬಿಸಿಯಾದರೆ ನೋಡಲು ಗೋಡೆ ಒಡೆಯಬೇಕು. ಎಳೆಯುವಾಗ ವೈರು ಬೆಂಡಿನಲ್ಲಿ ಸಿಕ್ಕಿಕೊಂಡರೆ ಒಮ್ಮೆ ಹೊರಗೆಳೆಸಿ, ಒಳಗೆ ಗಂಟೇನಾದರೂ ಇದೆಯೇ ಎಂದು ನೋಡುವುದು ಒಳ್ಳೆಯದು.

ಮನೆ ಕಟ್ಟಿಸುತ್ತಿರುವವರಲ್ಲಿ ಒಂದು ವಿನಂತಿ: ಚಂದಾಪುರದ ಅಂಗಡಿಗೆ ಹೊರಡುವ ಮುಂಚೆ, ನಕ್ಷೆಯ ಪ್ರತಿ ಚುಕ್ಕೆಯ ಪಕ್ಕ ಅದು ನೆಲದಿಂದ ಎಷ್ಟು ಅಡಿ ಎತ್ತರ ಎಂದು ಪೆನ್ಸಿಲಿನಲ್ಲಿ ಬರೆದುಕೊಳ್ಳಿ. ಭಾವಮೈದನಿದ್ದರೆ ಆ ಕೆಲಸ ಅವನಿಗೇ ಕೊಡಿ.