ಮೂಲೆಯಲ್ಲೊಂದು ಅಂಕಿ

ಪಕ್ಕದ ಮನೆಯವರ ಸೊಸೆ ಇನ್‌ಸ್ಟಾಗ್ರಾಂನಲ್ಲಿ ಅಡುಗೆ ಹಾಕುತ್ತಾಳೆ. ವಿಡಿಯೋ ಅಲ್ಲ, ಬೆರಳಲ್ಲಿ ಪಕ್ಕಕ್ಕೆ ತಳ್ಳಿಕೊಂಡು ಓದುವ ಕರೋಸೆಲ್. ಮೊನ್ನೆ ಬಿಸಿಬೇಳೆಬಾತಿನದ್ದು ಹಾಕಿದ್ದಳು. ಒಟ್ಟು ಒಂಬತ್ತು ಸ್ಲೈಡು: ಮೊದಲು ಮುಖಪುಟ, ಆಮೇಲೆ ಸಾಮಾನಿನ ಪಟ್ಟಿ, ಬೇಳೆ ಬೇಯಿಸುವುದರಿಂದ ಒಗ್ಗರಣೆಯವರೆಗೆ ಆರು ಹಂತ, ಕೊನೆಗೆ ‘ಸೇವ್ ಮಾಡಿಟ್ಟುಕೊಳ್ಳಿ’. ಪ್ರತಿ ಹಂತಕ್ಕೂ ಅಂಕಿ ಇತ್ತು. ಆದರೂ ಅವಳತ್ತೆ ಕಾಂಪೌಂಡಿನ ಆಚೆಯಿಂದ, “ಅಲ್ಲಾ, ಹುಳಿ ಹಾಕೋದು ಮೂರನೇದೋ ಐದನೇದೋ?” ಅಂತ ಕೇಳಿದರು.

ಕೇಳಿದ್ದರಲ್ಲಿ ತಪ್ಪೇನಿಲ್ಲ. ಹುಣಸೆಹುಳಿ ಮೂರನೇ ಹಂತ, ಆದರೆ ಐದನೇ ಸ್ಲೈಡು. ಸೊಸೆ ‘3’ ಅಂತ ಬರೆದಿದ್ದಾಳೆ. ಅದರ ಪಕ್ಕದಲ್ಲೇ, ಬಲಗಡೆ ಮೇಲಿನ ಮೂಲೆಯಲ್ಲಿ, ಇನ್‌ಸ್ಟಾಗ್ರಾಂ ತನ್ನ ಪಾಡಿಗೆ ತಾನು ‘5/9’ ಅಂತ ತೋರಿಸಿ ಒಂದು ಗಳಿಗೆಯಲ್ಲಿ ಮಾಯ ಮಾಡುತ್ತದೆ. ಒಂದೇ ಮೂಲೆಯಲ್ಲಿ ಎರಡೆರಡು ಲೆಕ್ಕ! ಕಣ್ಣು ಯಾವುದನ್ನ ನಂಬಬೇಕು ಹೇಳಿ? ಪರಿಹಾರ ದೊಡ್ಡದೇನಲ್ಲ. ನಮ್ಮ ಅಂಕಿಯನ್ನು ಎಡ ಮೂಲೆಗೆ ತರಬೇಕು, ಬರೀ ‘3’ ಅನ್ನದೆ ‘ಹಂತ 3’ ಅನ್ನಬೇಕು. ಆ್ಯಪ್ ಎಣಿಸುವುದು ಸ್ಲೈಡನ್ನ, ಓದುವವರು ಎಣಿಸುವುದು ಹಂತವನ್ನ. ಮುಖಪುಟಕ್ಕೆ ‘ಹಂತ 1’ ಅಂತ ಹಚ್ಚಿದರೆ ಅಲ್ಲೇ ಲೆಕ್ಕ ತಪ್ಪಿತು. ಅಲ್ಲಿ ‘ಆರೇ ಹಂತ’ ಅಂತ ಮಾತು ಕೊಟ್ಟರೆ ಸಾಕು.

ನಮ್ಮ ತಾತ ಉದ್ದುದ್ದ ಕಾಗದ ಬರೆಯುತ್ತಿದ್ದರು, ಬಿಡಿ ಹಾಳೆಗಳಲ್ಲಿ. ಪ್ರತಿ ಹಾಳೆಯ ಎಡ ಮೂಲೆಯಲ್ಲೂ ಅಂಕಿ, ಅದರ ಸುತ್ತ ಒಂದು ಸುತ್ತು. ಫ್ಯಾನಿನ ಗಾಳಿಗೆ ಹಾಳೆ ಚೆಲ್ಲಾಪಿಲ್ಲಿಯಾದರೂ ಅಜ್ಜಿ ಮೂಲೆಯಷ್ಟನ್ನೇ ನೋಡಿ ಜೋಡಿಸಿಬಿಡುತ್ತಿದ್ದರು, ಒಂದಕ್ಷರವನ್ನೂ ಓದದೆ. ಅಂಕಿ ಎಲ್ಲಿದೆ ಅಂತ ಹುಡುಕುವ ಕೆಲಸವೇ ಇರಲಿಲ್ಲ, ಅಲ್ವಾ?

ಹಾಗೆ ಜಾಗ ಕದಲದಿರುವುದೇ ಇಲ್ಲಿ ಮುಖ್ಯ. ಸ್ಲೈಡನ್ನು ಅರ್ಧ ತಳ್ಳಿ ಬೆರಳು ಹಾಗೇ ಹಿಡಿದು ನೋಡಿ. ಎರಡು ಸ್ಲೈಡೂ ಅಕ್ಕಪಕ್ಕ ಕಾಣುತ್ತವೆ. ಒಂದರ ಅಂಕಿ ತುಸು ಮೇಲೆ, ಇನ್ನೊಂದರದು ತುಸು ಕೆಳಗೆ ಇದ್ದರೆ ಥಟ್ಟನೆ ಕಣ್ಣಿಗೆ ಹೊಡೆಯುತ್ತದೆ. ಪ್ರತಿ ಸ್ಲೈಡಿಗೂ ಹೊಸದಾಗಿ ಅಂಕಿ ಹಾಕಿದರೆ ಹೀಗಾಗೋದೇ. ಕ್ಯಾನ್ವಾದಲ್ಲಿ ಮಾಡುವವರು ಮೊದಲ ಹಂತದ ಸ್ಲೈಡು ಪೂರ್ತಿ ಮುಗಿಸಿ, ಅದನ್ನೇ ನಕಲು ಮಾಡಿಕೊಂಡು ಅಂಕಿ ಮಾತ್ರ ಬದಲಿಸಿದರೆ ಈ ತಾಪತ್ರಯವಿಲ್ಲ. ಹತ್ತು ದಾಟುವ ಪಟ್ಟಿಯಾದರೆ ಅಂಕಿಯನ್ನು ಎಡಕ್ಕೆ ಆನಿಸಿಡಿ. ನಡುವಿಗೆ ಜೋಡಿಸಿದರೆ ‘9’ ಹೋಗಿ ‘10’ ಬಂದಾಗ ಪಕ್ಕಕ್ಕೆ ಸರಿದಂತೆ ಕಾಣುತ್ತದೆ. ಇನ್ನು ಕನ್ನಡ ಅಂಕಿ ಹಾಕುವ ಆಸೆಯಿದ್ದರೆ ಹಾಕಿ, ಚೆಂದವೇ. ದೊಡ್ಡದಾಗಿ ಹಾಕಿ ಅಷ್ಟೇ. ಚಿಕ್ಕ ಅಕ್ಷರದಲ್ಲಿ ೬ ಯಾವುದು ೯ ಯಾವುದು ಅಂತ ಕನ್ನಡಕ ಹುಡುಕಬೇಕಾಗುತ್ತದೆ.

ಈ ಸೊಸೆ ‘3/6’ ಅಂತ ಬರೆಯಬೇಕೆಂದಿದ್ದಳು. ಬೇಡ ಅಂದೆ. ನಡುವೆ ಒಂದು ಹಂತ ಸೇರಿಸಿದರೆ ಆರು ಕಡೆಯೂ ‘6’ ಅಳಿಸಿ ‘7’ ಮಾಡಬೇಕು. ಒಂದು ಕಡೆ ಮರೆತರೂ ನಗೆಪಾಟಲು. ಇನ್ನೆಷ್ಟಿದೆ ಅನ್ನುವುದು ತಿಳಿಯಲು ಮೇಲೊಂದು ಪಟ್ಟಿ ಎಳೆದರಾಯಿತು. ಸ್ಲೈಡಿನ ಅಗಲ 1080 ಪಿಕ್ಸೆಲ್. ಎರಡೂ ಅಂಚಿಗೆ 90 ಬಿಟ್ಟರೆ ಉಳಿಯುವುದು 900, ಹಂತಕ್ಕೊಂದರಂತೆ 150ರ ಆರು ಮನೆ. ಹಂತ ಮೂರರಲ್ಲಿ ಮೂರು ಮನೆಗೆ ಗಾಢ ಬಣ್ಣ, ಉಳಿದ ಮೂರಕ್ಕೆ ತಿಳಿ ಬಣ್ಣ. ಆ ಖಾಲಿ ಮನೆಗಳು ಕಾಣಲೇಬೇಕು ನೋಡಿ. ಕಾಣದಿದ್ದರೆ ಅದು ಬರೀ ಅರ್ಧ ಗೆರೆ, ಸೀರೆಗೆ ಅಂಚು ಇದ್ದಂಗೆ ಅಲಂಕಾರ ಅಂದುಕೊಳ್ಳುತ್ತಾರೆ. ಹಂತ ಹೆಚ್ಚಿದರೆ ಪಟ್ಟಿಯನ್ನೂ ತಿದ್ದಬೇಕಾಗುತ್ತದೆ, ನಿಜ. ಅದಕ್ಕೇ ಪಟ್ಟಿಯನ್ನು ಎಲ್ಲಕ್ಕಿಂತ ಕೊನೆಗೆ ಎಳೆಯೋದು.

ಸಾಮಾನಿನ ಸ್ಲೈಡಿನಲ್ಲೂ ಆ ಆರು ಮನೆ ಇರಲಿ, ಎಲ್ಲ ಖಾಲಿ. ಯಾಕೆ ಗೊತ್ತಾ? ಮುಖಪುಟ ನೋಡಿ ಸುಮ್ಮನೆ ಮುಂದೆ ಹೋದವರಿಗೆ ಇನ್‌ಸ್ಟಾಗ್ರಾಂ ಕೆಲವೊಮ್ಮೆ ಅದೇ ಪೋಸ್ಟನ್ನು ಎರಡನೇ ಸ್ಲೈಡಿನಿಂದ ಮತ್ತೆ ತೋರಿಸುತ್ತದೆ. ಅವರ ಪಾಲಿಗೆ ಅದೇ ಬಾಗಿಲು. ಖಾಲಿ ಮನೆ ಕಂಡರೆ ಮುಂದೇನೋ ಇದೆ ಅಂತ ತಿಳಿಯುತ್ತದೆ.

ಹಾಗಂತ ಎಲ್ಲದಕ್ಕೂ ಅಂಕಿ ಅಂಟಿಸಬೇಡಿ ಮಾರಾಯ್ರೆ. ಮದುವೆಯ ಫೋಟೋಗಳಿಗೆ ‘ಹಂತ 4’ ಯಾಕೆ? ಮೂರೇ ಸ್ಲೈಡಿದ್ದರೆ ಕೆಳಗಿನ ಚುಕ್ಕಿಗಳೇ ಸಾಕು. ಒಂದಾದ ಮೇಲೊಂದು ಮಾಡಲೇಬೇಕಾದ್ದಿದ್ದರೆ ಅಂಕಿ ಹಾಕಿ, ಹಾಕಿದ ಜಾಗದಿಂದ ಕದಲಿಸಬೇಡಿ.