ಬಲೆ, ನಾಳೆ, ಮಳೆ

ಶಾಲೆಯಿಂದ ನಿವೃತ್ತಳಾದಾಗ ಕೆಂಪು ಶಾಯಿಯ ಪೆನ್ನನ್ನೂ ಮೇಜಿನ ಖಾನೆಯಲ್ಲಿ ಹಾಕಿ ಮುಚ್ಚಿದ್ದೆ. ಹೆಬಳೆಯ ಜನ ಹಾಗೆ ಬಿಡುವವರಲ್ಲ. ‘ಅಕ್ಕೋರೇ, ಇದ್ರಲ್ಲಿ ಎಂತ ಬರ್ದದ್ದು, ಸ್ವಲ್ಪ ನೋಡಿ’ ಎಂದು ಮೊಬೈಲು ಹಿಡಿದು ಬರುತ್ತಾರೆ. ಮಕ್ಕಳ ಉತ್ತರಪತ್ರಿಕೆಯಲ್ಲಿ ತಪ್ಪು ಮಕ್ಕಳದ್ದೇ ಆಗಿರುತ್ತಿತ್ತು. ಇಲ್ಲಿ ಬರೆದವರು ಸರಿಯಾಗಿಯೇ ಬರೆದಿರುತ್ತಾರೆ, ಮೊಬೈಲು ತಿದ್ದಿ ಕೆಡಿಸಿರುತ್ತದೆ. ಮುವ್ವತ್ತು ವರ್ಷ ಪಾಠ ಹೇಳಿದವಳಿಗೆ ಇಂಥ ಸಹೋದ್ಯೋಗಿ ಸಿಕ್ಕಿರಲಿಲ್ಲ.

ನಮ್ಮ ಕಡೆಯ ಸಂದೇಶಕ್ಕೆ ಒಂದು ಲಿಪಿ ಸಾಲುವುದಿಲ್ಲ. ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುತ್ತಾರೆ, ಕೊಂಕಣಿಯನ್ನು ಕನ್ನಡ ಅಕ್ಷರದಲ್ಲಿ, ನವಾಯತಿಯನ್ನು ಉರ್ದು ಲಿಪಿಯಲ್ಲಿ. ಊರಿನ ಹೆಸರಿಗೇ ರಕ್ಷಣೆಯಿಲ್ಲ. `Hebale` ಎಂದು ಒತ್ತಿ ಕನ್ನಡ ಬೇಕು ಎಂದರೆ, ಮೊಬೈಲಿಗೆ ಹೆಚ್ಚು ಪರಿಚಯವಿರುವುದು ಬೆಂಗಳೂರಿನ ಹೆಬ್ಬಾಳ. ಅಣ್ಣನ ಮಗಳು ಬಸ್ಸಿಳಿದು ‘ಹೆಬ್ಬಾಳಕ್ಕೆ ಬಂದೆ’ ಎಂದು ಕಳಿಸಿದಾಗ, ಅವಳನ್ನು ಬಸ್ಸು ಹತ್ತಿಸಿದ್ದ ಅವಳ ಅಪ್ಪ ಇವಳು ವಾಪಸ್ಸು ಹೇಗೆ ಬಂದಳು ಎಂದು ತಲೆ ಕೆರೆದುಕೊಂಡನಂತೆ.

ಇವೆಲ್ಲ ಸುಲಭದ ತಪ್ಪುಗಳು. ‘ಊಟ ಆಯ್ತಾ’ ಎಂದು ಕೇಳುವ `oota` ಹೋಗಿ `iota` ಆದರೆ, ‘ಮೀನು ತಂದೆ’ಯ `meenu` ಹೋಗಿ `menu` ಆದರೆ ಯಾರಾದರೂ ಹಿಡಿಯುತ್ತಾರೆ. ಜ್ವರ ಬಂದ ಅಜ್ಜನಿಗೆ ಮೂರು ಹೊತ್ತೂ `ganja` ಕೊಡುತ್ತಿದ್ದೇವೆ ಎಂದು ಓದಿದರೂ ಅದು ಗಂಜಿ ಎಂದು ಗೊತ್ತಾಗುತ್ತದೆ, ಅಜ್ಜನ ನಡತೆ ಊರಿಗೇ ಗೊತ್ತಿರುವುದರಿಂದ. ತಪ್ಪಾದ ಮೇಲೂ ಅರ್ಥ ಕೊಡುತ್ತಲೇ ಇರುವ ಮಾತನ್ನು ಹಿಡಿಯುವುದು ಮಾತ್ರ ಕಷ್ಟ.

ಜೂನ್ ತಿಂಗಳು. ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಮೀನಿಗೆ ಹೋಗುವಂತಿಲ್ಲ. ಆ ದಿನಗಳಲ್ಲಿ ಬಲೆ ರಿಪೇರಿಯೇ ಕೆಲಸ. ನಮ್ಮ ಹಿಂದಿನ ಮನೆಯಾಕೆಯ ಮಗ ಮಲ್ಪೆಯಲ್ಲಿ ಬೋಟಿಗೆ ಹೋಗುವವನು. ಅವನಿಂದ ಬಂದ ಸಂದೇಶವನ್ನು ಆಕೆ ನನ್ನ ಮುಂದೆ ಹಿಡಿದಳು: `bale male bartade`. ‘ಬಳೆಯ ಮಳೆ ಬರ್ತದೆ ಅಂದ್ರೆ ಎಂತ ಅಕ್ಕೋರೇ? ಮದುವೆಗಿದುವೆ ಗೊತ್ತುಮಾಡ್ಕೊಂಡನಾ ಹೇಗೆ?’

ಹೊರಗೆ ಮಳೆ ಹುಯ್ಯುತ್ತಿತ್ತು. ‘ಮಳೆ ಬರ್ತದೆ’ ಎಂಬ ಮಾತನ್ನು ಯಾರೂ ಸಂಶಯಿಸುವಂತಿರಲಿಲ್ಲ, ಕಿಟಕಿಯೇ ಸಾಕ್ಷಿ. ಆದರೆ ಮಳೆ ಬಂದರೆ ಮೊದಲಿನ ಆ `bale` ಏನು ಮಾಡಬೇಕು? ಅದಕ್ಕೆ ಕ್ರಿಯಾಪದವೇ ಉಳಿಯುವುದಿಲ್ಲ. ವಾಕ್ಯದಲ್ಲಿ ಒಂದು ಪದ ಕೆಲಸವಿಲ್ಲದೆ ಕೂತಿದೆಯೆಂದರೆ ಅದರ ಪಕ್ಕದ ಪದದ ಮೇಲೆ ನನಗೆ ಗುಮಾನಿ. ‘ಬರ್ತದೆ’ ಎಂಬುದು `bale`ಗೆ ಸೇರಿದ್ದು ಎಂದು ಇಟ್ಟುಕೊಂಡರೆ ನಡುವಿನ `male` ಯಾವಾಗ, ಹೇಗೆ, ಎಲ್ಲಿಂದ ಎಂದು ಹೇಳುವ ಮಾತಾಗಿರಬೇಕು. ಇನ್ನು ಕೀಲಿಮಣೆ ನೋಡಿದರಾಯಿತು. ಕೆಳಗಿನ ಸಾಲಿನ ಕೊನೆಯಲ್ಲಿ `b`, `n`, `m` ಒಂದರ ಪಕ್ಕ ಒಂದು ಮನೆ ಮಾಡಿಕೊಂಡಿವೆ. ಮೊದಲಕ್ಷರವನ್ನು ಒಂದು ಮನೆ ಎಡಕ್ಕೆ ಸರಿಸಿ: `nale`. ಬಲೆ ನಾಳೆ ಬರ್ತದೆ.

ಹುಡುಗ ಒತ್ತಿದ್ದು `nale` ಎಂದೇ. ಅವನ ಮೊಬೈಲಿನಲ್ಲಿದ್ದದ್ದು ಇಂಗ್ಲಿಷ್ ಕೀಲಿಮಣೆ, ಅದಕ್ಕೆ ಇಂಗ್ಲಿಷ್ ನಿಘಂಟೇ ಪಂಚಾಯ್ತಿ. `bale` ಎಂದರೆ ಇಂಗ್ಲಿಷಿನಲ್ಲಿ ಹುಲ್ಲಿನ ಪೆಂಡಿ, ಹಾಗಾಗಿ ನಮ್ಮ ಬಲೆ ಪೆಂಡಿಯ ವೇಷದಲ್ಲಿ ಪಾರಾಯಿತು. `male` ಎಂದರೆ ಗಂಡಸು, ಅದೂ ಒಳಗಿನವನೇ. `nale` ಮಾತ್ರ ಪರದೇಶಿ. ಬೆರಳು ಪಕ್ಕದ ಕೀಲಿಗೆ ಜಾರಿರಬೇಕೆಂದು ಮೊಬೈಲು ಊಹಿಸಿ, ಆಚೆ ಈಚೆಯ ಕೀಲಿಗಳಲ್ಲಿ ಸಿಗುವ ಹೆಚ್ಚು ಬಳಕೆಯ ಪದವನ್ನು ತಂದು ಕೂರಿಸಿತು. ಮದ್ದು ದೊಡ್ಡದೇನಲ್ಲ. ಕೀಲಿಮಣೆಯ ಸ್ವಂತ ಪದಕೋಶಕ್ಕೆ `nale`, `oota`, `meenu` ಎಂದು ಸೇರಿಸಿಬಿಟ್ಟರೆ ಅದು ಬಾಯಿ ಮುಚ್ಚುತ್ತದೆ. ಕೆಲವು ಕೀಲಿಮಣೆಗಳಲ್ಲಿ ಪದ ಬದಲಾದ ಕೂಡಲೇ ಅಳಿಸುವ ಕೀಲಿಯನ್ನೊಮ್ಮೆ ಒತ್ತಿದರೂ ಬರೆದದ್ದು ವಾಪಸ್ಸು ಬರುತ್ತದೆ. ಆದರೆ ಅದಕ್ಕೆ ಕಳಿಸುವ ಮೊದಲು ಓದಬೇಕು. ಹಾಗೆ ಓದುವವರನ್ನು ನಾನು ಈ ಊರಲ್ಲಿ ಇನ್ನೂ ಕಂಡಿಲ್ಲ.

ಇಂಗ್ಲಿಷ್ ಅಕ್ಷರ ಬೇಡ, ಶುದ್ಧ ಕನ್ನಡದಲ್ಲೇ ಬರೆಯುತ್ತೇವೆ ಎನ್ನುವ ಸಭ್ಯರದ್ದು ಬೇರೆಯೇ ಕತೆ. ದೇವಸ್ಥಾನದ ಆಮಂತ್ರಣದ ಕರಡು ನನ್ನ ಬಳಿ ಬಂತು. ‘ಕಾಯ೯ಕ್ರಮ’, ‘ಸವ೯ರಿಗೂ ಸ್ವಾಗತ’. ಕಣ್ಣಿಗೆ ಎಲ್ಲ ಸರಿಯೇ. ಆದರೆ ಅರ್ಕಾವತ್ತಿನ ಜಾಗದಲ್ಲಿ ಕೂತದ್ದು ಕನ್ನಡದ ಒಂಬತ್ತು. ಪಾಪ, ಅವರದ್ದೂ ತಪ್ಪಲ್ಲ. ಕೈಯಲ್ಲಿ ಬರೆಯುವಾಗ ನಾವು ಯ ಬರೆದು ಆಮೇಲೆ ಅರ್ಕಾವತ್ತು ಹಾಕುತ್ತೇವೆ. ಮೊಬೈಲಿಗೆ ಬೇಕಾದದ್ದು ಬಾಯಲ್ಲಿ ನುಡಿಯುವ ಕ್ರಮ: ಮೊದಲು ರ, ಆಮೇಲೆ ಹಲಂತದ ಚಿಹ್ನೆ, ಕೊನೆಗೆ ಯ. ಯ ಬರೆದಾದ ಮೇಲೆ ಅರ್ಕಾವತ್ತನ್ನು ಕೀಲಿಮಣೆಯಲ್ಲಿ ಹುಡುಕಿದವರಿಗೆ ಅಂಥದೇ ಮುಖದ ೯ ಸಿಗುತ್ತದೆ. ಕಣ್ಣು ಮಂಜಾದ ಅಜ್ಜಿಯೊಬ್ಬರಿಗೆ ಮೊಮ್ಮಗ ಆಮಂತ್ರಣವನ್ನು ಮೊಬೈಲಿನಿಂದಲೇ ಓದಿಸಿದನಂತೆ. ‘ಕಾಯ ಒಂಬತ್ತು ಕ್ರಮ ಅಂತಲ್ಲ, ಅದೆಂತ ಪೂಜೆ?’ ಎಂದು ಅಜ್ಜಿ ವಿಚಾರಿಸಿದರು.

ಇದನ್ನು ಪತ್ತೆ ಮಾಡುವ ದಾರಿ ಅಳಿಸುವ ಕೀಲಿಯೇ. ಅಸಲಿ ‘ಕಾರ್ಯ’ದ ಕೊನೆಯಲ್ಲಿ ನಿಂತು ಒಮ್ಮೆ ಅಳಿಸಿದರೆ ಸಾಮಾನ್ಯವಾಗಿ ಯ ಹೋಗಿ ‘ಕಾರ್’ ಉಳಿಯುತ್ತದೆ. ನಕಲಿಯಲ್ಲಿ ಒಂಬತ್ತು ಹೋಗಿ ‘ಕಾಯ’ ಉಳಿಯುತ್ತದೆ.

ಅನುಸ್ವಾರದ ಜಾಗದಲ್ಲಿ ಸೊನ್ನೆ ಬರೆಯುವವರು ಇದಕ್ಕಿಂತ ಹೆಚ್ಚು. ಎರಡೂ ಬರಿಗಣ್ಣಿಗೆ ಒಂದೇ ಉರುಟು. ಯೂನಿಕೋಡಿನಲ್ಲಿ ಮಾತ್ರ ಅನುಸ್ವಾರದ ಮನೆ ನಂಬರು `0C82`, ಸೊನ್ನೆಯದ್ದು `0CE6`. ‘ಬ೦ಗಡೆ’ ಎಂದು ಸೊನ್ನೆ ಹಾಕಿ ಬರೆದ ಸಂದೇಶವನ್ನು ‘ಬಂಗಡೆ’ ಎಂದು ಹುಡುಕಿದರೆ ಮೊಬೈಲು ಅಂಥ ಮೀನೇ ಇಲ್ಲ ಎನ್ನುತ್ತದೆ. ಹುಡುಕಿದಾಗ ಸಿಗದಿರುವುದೇ ಇದರ ಒಳ್ಳೆಯ ಗುರುತು. ಆಮಂತ್ರಣ ಮಾಡಿದ ಹುಡುಗ ಚುರುಕು. ವಿಷಯ ತಿಳಿದದ್ದೇ ತಡ, ಕಂಪ್ಯೂಟರಿಗೆ ಹಾಕಿ ಇದ್ದಬದ್ದ ಸೊನ್ನೆಗಳನ್ನೆಲ್ಲ ಒಂದೇ ಏಟಿಗೆ ಅನುಸ್ವಾರ ಮಾಡಿದ. ಹಾಗೆ ಮಾಡಿದ್ದರಿಂದ ಸೇವಾ ಪಟ್ಟಿಯ ೨೦೦ ರೂಪಾಯಿಯೂ ‘೨ಂಂ’ ಆಯಿತು. ಕಣ್ಣಿಗೆ ಕಾಣುವಂಥದ್ದಲ್ಲ, ಮೊತ್ತ ಕೂಡಿಸಲು ಹೋದಾಗ ಕಂಪ್ಯೂಟರು ಹಟ ಹಿಡಿದು ಗೊತ್ತಾಯಿತು. ಅಕ್ಷರದ ಬೆನ್ನಿಗೇ ಬಂದ ಸೊನ್ನೆಯನ್ನು ಮಾತ್ರ ಬದಲಿಸು, ಅಂಕಿಯ ತಂಟೆಗೆ ಹೋಗಬೇಡ ಎಂದು ಹೇಳಿ ಕಳಿಸಿದೆ.

ಈ ರೋಗ ಕನ್ನಡಕ್ಕೆ ಮಾತ್ರವೇನೋ ಎಂದುಕೊಂಡಿದ್ದೆ. ದುಬೈಯಿಂದ ರಜೆಗೆ ಬಂದಿದ್ದ ನೆರೆಮನೆಯ ನವಾಯತ ಹುಡುಗ ತನ್ನ ಮೊಬೈಲು ತೋರಿಸಿದ. ಅಲ್ಲಿ ಕೆಲಸಕ್ಕೆಂದು ಅರಬ್ಬಿ ಕೀಲಿಮಣೆ ಹಾಕಿಕೊಂಡಿದ್ದಾನೆ, ಕೆಲಸದ ಹೊತ್ತಿನಲ್ಲಿ ಮನೆಗೂ ಅದರಲ್ಲೇ ಬರೆಯುತ್ತಾನೆ. ಉರ್ದುವಿನ ಯೇ ಅಕ್ಷರ `ی`, ಅರಬ್ಬಿಯದ್ದು `ي`. ಪದದ ನಡುವೆ ಇದ್ದರೆ ಎರಡೂ ಒಂದೇ ರೂಪ, ಕೊನೆಗೆ ಬಂದಾಗ ಮಾತ್ರ ಅರಬ್ಬಿಯದ್ದರ ಕೆಳಗೆ ಎರಡು ಚುಕ್ಕಿ ಉಳಿಯುತ್ತವೆ. ‘ನಮ್ಮ ತಾಯಿ ಚುಕ್ಕಿ ನೋಡಿದ ಕೂಡಲೇ ಹೇಳ್ತಾರೆ ಅಕ್ಕೋರೇ, ಆಫೀಸಿನ ಹೊತ್ತಲ್ಲಿ ಬರ್ದಿದ್ದೀಯ, ಕೆಲಸ ನೋಡು ಅಂತ’ ಎಂದ.