ಉದ್ದೇಶ ಅಳೆಯುವ ಮೀಟರ್

ಬೀದಿ ಕಂಬಕ್ಕೆ ಕೊಕ್ಕೆ ಹಾಕಿ ಜಾತ್ರೆಯ ಕಮಾನು ಬೆಳಗಿಸಿದರೆ ಅದು ಭಕ್ತಿ. ಅದೇ ಕಂಬದಿಂದ ಪಕ್ಷದ ವೇದಿಕೆಗೆ ಲೈನ್ ಎಳೆದರೆ ಜನಸೇವೆ. ನಿಮ್ಮ ಅಂಗಡಿಯ ಕಿಟಕಿಯಿಂದ ಪಕ್ಕದ ಟೀ ಗೂಡಿಗೆ ಒಂದು ವೈರು ಬಿಟ್ಟಿರೋ, ಅದು ವಿದ್ಯುಚ್ಛಕ್ತಿ ಕಾಯ್ದೆ 2003, ಸೆಕ್ಷನ್ 126.

ಅಪರೂಪಕ್ಕೊಮ್ಮೆ ದೊಡ್ಡವರೂ ಸಿಗುತ್ತಾರೆ, ಇಲ್ಲವೆನ್ನುವುದಿಲ್ಲ. 2023ರ ದೀಪಾವಳಿಯಲ್ಲಿ ಬೆಂಗಳೂರಿನಲ್ಲಿ ಮಾಜಿ ಮುಖ್ಯಮಂತ್ರಿಯೊಬ್ಬರ ಮನೆಯ ದೀಪಾಲಂಕಾರಕ್ಕೆ ಕರೆಂಟು ಸೀದಾ ಕಂಬದಿಂದ ಬಂದಿತ್ತು. ಕೇಸಾಯಿತು. 68,526 ರೂಪಾಯಿ ಕಟ್ಟಿದರು. ಅಲಂಕಾರ ಮಾಡಿದ ಖಾಸಗಿಯವನು ಹಾಗೆ ಎಳೆದಿದ್ದ ಎಂದರು. ಇರಬಹುದು. ಅಂಗಡಿಯವನಿಗೆ ಮಾತ್ರ ತಪ್ಪು ಹೊರಿಸಲು ಅಲಂಕಾರದವನೂ ಇರುವುದಿಲ್ಲ.

ಅನಧಿಕೃತ ಬಳಕೆ ಎಂದರೆ ಕೊಕ್ಕೆ ಹಾಕುವುದೊಂದೇ ಎಂದು ನಮ್ಮ ವ್ಯಾಪಾರಿಗಳು ನೆಮ್ಮದಿಯಾಗಿದ್ದಾರೆ. ಕಾನೂನು ಅಷ್ಟು ಬಡವಾಗಿಲ್ಲ. ಕೃತಕ ವಿಧಾನದಿಂದ ಕರೆಂಟು ತೆಗೆದರೂ ಅನಧಿಕೃತ. ಕಂಪನಿ ಒಪ್ಪದ ವಿಧಾನದಿಂದ ತೆಗೆದರೂ ಅನಧಿಕೃತ. ಕೈಯಾಡಿಸಿದ ಮೀಟರಿನ ಮೂಲಕ ಬಳಸಿದರೂ ಅದೇ. ಒಂದು ಉದ್ದೇಶಕ್ಕೆ ಪಡೆದದ್ದನ್ನು ಇನ್ನೊಂದಕ್ಕೆ ಬಳಸಿದರೆ, ಒಂದು ಜಾಗಕ್ಕೆ ಮಂಜೂರಾದದ್ದನ್ನು ಇನ್ನೊಂದು ಜಾಗಕ್ಕೆ ಒಯ್ದರೆ ಅದೂ ಅದೇ. ಟೀ ಗೂಡಿನವನಿಂದ ನೀವು ಒಂದು ಪೈಸೆ ಪಡೆಯದಿರಬಹುದು. ನಿಮ್ಮ ಮೀಟರು ಆ ಯೂನಿಟ್ಟನ್ನು ಎಣಿಸಿರಬಹುದು, ನೀವು ಬಿಲ್ಲೂ ಕಟ್ಟಿರಬಹುದು. ಆದರೂ ಜಾಗ ಬೇರೆ. ಉಪಕಾರಕ್ಕೆ ಕಾಯ್ದೆಯಲ್ಲಿ ಕಾಲಂ ಇಲ್ಲ.

ಮಂಜೂರಾದ ಲೋಡು ಎರಡು ಕಿಲೋವ್ಯಾಟ್ ಇಟ್ಟುಕೊಂಡು ಎರಡು ಡೀಪ್ ಫ್ರೀಜರ್, ಒಂದು ಎ.ಸಿ. ಕೂರಿಸಿದವರೂ ಹಾಯಾಗಿರಬೇಕಿಲ್ಲ. ಒಪ್ಪಿದ್ದಕ್ಕಿಂತ ಹೆಚ್ಚು ಲೋಡು ಎಳೆಯುವುದೂ 126ರ ವ್ಯಾಪ್ತಿಗೆ ಬರುತ್ತದೆ ಎಂದು ಸುಪ್ರೀಂ ಕೋರ್ಟು 2011ರಲ್ಲಿ ಒಡಿಶಾದ ಸೀತಾರಾಮ್ ರೈಸ್ ಮಿಲ್ ಪ್ರಕರಣದಲ್ಲಿ ಹೇಳಿದೆ.

ಇನ್ನು ಕಾಯ್ದೆಯ ಚಮತ್ಕಾರ ನೋಡಿ. ಕೈಯಾಡಿಸಿದ ಮೀಟರು ಸೆಕ್ಷನ್ 126ರಲ್ಲಿದೆ. ಅದೇ ಮೀಟರು ಸೆಕ್ಷನ್ 135ರಲ್ಲೂ ಇದೆ. ಬೇರೆ ಉದ್ದೇಶಕ್ಕೆ ಬಳಸಿದ್ದು 126ರಲ್ಲಿದೆ. ಅದೂ 135ರಲ್ಲಿದೆ. ಮೊದಲನೆಯದು ದುಡ್ಡಿನ ಲೆಕ್ಕ. ಎರಡನೆಯದು ಕಳ್ಳತನ: ಮೂರು ವರ್ಷದವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ವೈರು ಅದೇ, ಫ್ರಿಜ್ಜು ಅದೇ, ಅಂಗಡಿಯವನೂ ಅವನೇ. ನಡುವೆ ನಿಂತಿರುವುದು ಒಂದೇ ಪದ: ‘ಅಪ್ರಾಮಾಣಿಕವಾಗಿ’.

ಆ ಅಪ್ರಾಮಾಣಿಕತೆಯನ್ನು ಮೊದಲು ಅಳೆಯುವವರು ಯಾರು? ನಿಮ್ಮ ಅಂಗಡಿಗೆ ಜೀಪಿನಲ್ಲಿ ಬಂದಿಳಿಯುವ ತಂಡ. ಯೂನಿಟ್ ಅಳೆಯಲು ಮುದ್ರೆ ಒತ್ತಿದ ಮೀಟರು ಬೇಕು. ನಿಮ್ಮ ಮನಸ್ಸನ್ನು ಅಳೆಯಲು ಹತ್ತು ನಿಮಿಷ ಸಾಕು. ಕೃತಕ ಸಾಧನ ಕಣ್ಣಿಗೆ ಬಿದ್ದರಂತೂ ಮುಗಿಯಿತು. ನೀವು ಸುಳ್ಳೆಂದು ಸಾಬೀತು ಮಾಡುವವರೆಗೆ ಕಳ್ಳತನವೆಂದೇ ಕಾನೂನು ಭಾವಿಸುತ್ತದೆ.

ಒಂದು ಲೆಕ್ಕ ಹಾಕೋಣ. ಮೇಲೆ ಮನೆ, ಕೆಳಗೆ ದಿನಸಿ ಅಂಗಡಿ. ಮನೆಗೆ ಗೃಹಜ್ಯೋತಿ, ಬಿಲ್ಲು ಸೊನ್ನೆ. ಅಂಗಡಿಗೆ ಪ್ರತ್ಯೇಕ ಆರ್.ಆರ್. ನಂಬರ್ ಇಲ್ಲ. ಮನೆಯ ಲೈನೇ ಮೆಟ್ಟಿಲ ಕೆಳಗಿಂದ ಇಳಿದು ಎರಡು ಟ್ಯೂಬ್‌ಲೈಟು, ಒಂದು ತಂಪುಪಾನೀಯದ ಫ್ರಿಜ್ಜು ನಡೆಸುತ್ತಿದೆ. ನಮ್ಮ ಊರುಗಳಲ್ಲಿ ಇದು ಅಪರಾಧವಲ್ಲ, ವಾಸ್ತುಶಿಲ್ಪ.

ತಪಾಸಣೆ ಬಂತು. ಅಂಗಡಿಯ ಬಳಕೆ ತಿಂಗಳಿಗೆ 150 ಯೂನಿಟ್ ಎಂದು ಬರೆದುಕೊಂಡರು. ಯಾವಾಗಿನಿಂದ ಎಂದು ಕೇಳಿದರು. ನೀವು ತಲೆ ಕೆರೆದಿರಿ. ಅವಧಿ ಗೊತ್ತಾಗದಿದ್ದರೆ ತಪಾಸಣೆಯ ಹಿಂದಿನ 12 ತಿಂಗಳು ಹಿಡಿಯಿರಿ ಎನ್ನುತ್ತದೆ ಕಾಯ್ದೆ. 1,800 ಯೂನಿಟ್ ಆಯಿತು. ವಾಣಿಜ್ಯ ದರ ಯೂನಿಟ್ಟಿಗೆ 8 ರೂಪಾಯಿ ಎಂದು ಲೆಕ್ಕ ಸುಲಭವಾಗಲು ಇಟ್ಟುಕೊಳ್ಳಿ, 14,400. 126ರಲ್ಲಿ ದರ ಎರಡು ಪಟ್ಟು. 28,800 ರೂಪಾಯಿ. ತೆರಿಗೆ, ನಿಗದಿತ ಶುಲ್ಕ ಬೇರೆ.

ಈಗ ಅದೇ ಫ್ರಿಜ್ಜಿನ ಖರೀದಿ ರಸೀದಿ ಗಲ್ಲಾಪೆಟ್ಟಿಗೆಯಲ್ಲಿದೆ ಎಂದುಕೊಳ್ಳಿ. ಅಂಗಡಿಯ ಟ್ರೇಡ್ ಲೈಸೆನ್ಸಿನ ತಾರೀಖೂ ಅದೇ ತಿಂಗಳದ್ದು. ಎರಡು ತಿಂಗಳ ಹಿಂದಿನದು. ಆಗ ಅವಧಿ ಗೊತ್ತಾಯಿತು. ಎರಡು ತಿಂಗಳಿಗೆ 300 ಯೂನಿಟ್, 2,400 ರೂಪಾಯಿ, ಎರಡು ಪಟ್ಟು ಮಾಡಿದರೆ 4,800. ಒಂದು ತುಂಡು ಕಾಗದಕ್ಕೆ 24,000 ರೂಪಾಯಿ ಬೆಲೆ. ನಮ್ಮವರು ಜಿ.ಎಸ್.ಟಿ. ಉಳಿಸಲು ಬಿಲ್ಲೇ ಬೇಡವೆಂದು ಬರುತ್ತಾರೆ. ಜಾಣರು.

ಇದನ್ನೇ 135 ಎಂದು ಹಿಡಿದರೆ? ಹತ್ತು ಕಿಲೋವ್ಯಾಟ್‌ವರೆಗಿನ ಲೋಡಿಗೆ, ಅಪರಾಧ ಸಾಬೀತಾದರೆ, ಮೊದಲ ಸಲದ ದಂಡ ಕದ್ದ ಲಾಭದ ಮೂರು ಪಟ್ಟಿಗಿಂತ ಕಡಿಮೆ ಇರಕೂಡದು. 14,400ಕ್ಕೆ 43,200. ಎರಡನೆಯ ಸಲ ಆರು ಪಟ್ಟು. ವಿಶೇಷ ನ್ಯಾಯಾಲಯ ನಿರ್ಧರಿಸುವ ಕರೆಂಟಿನ ಬಾಕಿ ಇದರ ಹೊರಗೆ. ಜೊತೆಗೆ ಸ್ಥಳದಲ್ಲೇ ಲೈನು ಕಟ್. ಕತ್ತರಿಸಿದ 24 ಗಂಟೆಯೊಳಗೆ ಅವರು ಪೊಲೀಸರಿಗೆ ದೂರು ಕೊಡಬೇಕು. ನಿರ್ಧರಿಸಿದ ಹಣ ಕಟ್ಟಿದ 48 ಗಂಟೆಯೊಳಗೆ ಲೈನು ಮರಳಿ ಕೊಡಬೇಕು. ಮೊದಲನೆಯ ಗಡುವು ಚೆನ್ನಾಗಿ ನೆನಪಿರುತ್ತದೆ. ಎರಡನೆಯದನ್ನು ನೀವೇ ನೆನಪಿಸಬೇಕು.

ಸೀಲಿನ ಕತೆ ಇನ್ನೂ ಚಂದ. ಮೀಟರಿನ ಹೊಟ್ಟೆಗೆ ತಯಾರಕರ ಸೀಲು. ವೈರುಗಳು ಸೇರುವ ಕೆಳಗಿನ ಮುಚ್ಚಳಕ್ಕೆ ಕಂಪನಿಯ ಸೀಲು. ಪೆಟ್ಟಿಗೆಯಿದ್ದರೆ ಪೆಟ್ಟಿಗೆಗೂ ಒಂದು. ಹೊಟ್ಟೆಯ ಸೀಲು ಕಿತ್ತಿದ್ದರೆ ಒಳಗಿನ ಸರ್ಕ್ಯೂಟಿಗೆ ಕೈ ಹಾಕಿದ್ದಾರೆಂಬ ಅನುಮಾನ. ಕೆಳಮುಚ್ಚಳದ್ದು ಕಿತ್ತಿದ್ದರೆ ಒಳಬರುವ ವೈರಿನಿಂದ ಹೊರಹೋಗುವ ವೈರಿಗೆ ಅಡ್ಡಕೊಂಡಿ ಹಾಕಿ ಮೀಟರನ್ನು ಕುರುಡು ಮಾಡಿದ್ದಾರೆಂಬ ಅನುಮಾನ.

ಗ್ರಾಹಕ ಯಾವ ಸಂದರ್ಭದಲ್ಲೂ ಸೀಲು ಮುಟ್ಟಕೂಡದು, ತೆಗೆಯುವ ಹಕ್ಕು ಕಂಪನಿಗೆ ಮಾತ್ರ. ಇದು ಕೇಂದ್ರ ವಿದ್ಯುತ್ ಪ್ರಾಧಿಕಾರದ 2006ರ ಮೀಟರ್ ನಿಯಮ. ಅದೇ ನಿಯಮ ಇನ್ನೂ ಏನೇನೋ ಹೇಳುತ್ತದೆ. ಸೀಲಿನ ಮೇಲೆ ಕಂಪನಿಯ ಹೆಸರೋ ಗುರುತೋ ಸ್ಪಷ್ಟವಾಗಿ ಕಾಣಬೇಕು. ಹೊಸ ಮೀಟರಿಗೆ ಸೀಸದ ಸೀಲು ಕೂಡದು. ಪ್ರತಿ ಸೀಲೂ ಕಾರ್ಖಾನೆಯಿಂದ ವಿಲೇವಾರಿಯವರೆಗೆ ಎಲ್ಲೆಲ್ಲಿ ಹೋಯಿತೆಂದು ಸಾಫ್ಟ್‌ವೇರಿನಲ್ಲಿ ದಾಖಲಾಗಬೇಕು.

ಓದಲು ಸೊಗಸಾಗಿದೆ. ನಾನು ಕಂಡ ಒಂದು ಅಂಗಡಿಯಲ್ಲಿ ಸುಟ್ಟ ವೈರು ಬದಲಿಸಲು ಬಂದ ಸಿಬ್ಬಂದಿ ಕೆಳಮುಚ್ಚಳ ಬಿಚ್ಚಿದರು, ಕೆಲಸ ಮುಗಿಸಿದರು, ಸೀಲಿನ ಸ್ಟಾಕಿಲ್ಲ ಎಂದು ಹೊರಟೇ ಹೋದರು. ತಿಂಗಳುಗಟ್ಟಲೆ ಮುಚ್ಚಳ ಬರಿಗೈಯಲ್ಲಿ ನಿಂತಿತ್ತು. ಪ್ರತಿ ತಿಂಗಳೂ ಮೀಟರ್ ರೀಡರ್ ಬಂದು ಅದೇ ಮೀಟರು ನೋಡಿ ಬಿಲ್ಲು ಹರಿದು ಕೊಟ್ಟ. ಸೀಲು ಇಲ್ಲದ್ದು ಯಾರಿಗೂ ಕಾಣಲಿಲ್ಲ. ಜಾಗೃತ ದಳಕ್ಕೆ ಮಾತ್ರ ಕಂಡಿತು.

ಆದ್ದರಿಂದ ಕಂಪನಿಯ ಮೇಲೆ ನಂಬಿಕೆ ಇಟ್ಟುಕೊಳ್ಳಿ, ಅದರ ಜೊತೆಗೆ ಫೋಟೋ ಇಟ್ಟುಕೊಳ್ಳಿ. ಮೀಟರು ಹಾಕಿದ ದಿನ, ಬದಲಿಸಿದ ದಿನ, ರಿಪೇರಿಯಾದ ದಿನ, ಪ್ರತಿ ಸೀಲಿನ ನಂಬರು ಓದುವಂತೆ ತೆಗೆಯಿರಿ. ಸೀಲು ಇಲಿ ಕಡಿದಿರಲಿ, ಪೇಂಟರ್ ಕಿತ್ತಿರಲಿ, ಲೈನ್‌ಮನ್ನೇ ಮರೆತಿರಲಿ, ಅಂದೇ ಸೆಕ್ಷನ್ ಆಫೀಸಿಗೆ ಆರ್.ಆರ್. ನಂಬರ್ ಹಾಕಿ ಅರ್ಜಿ ಬರೆಯಿರಿ. ನಕಲಿನ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ‘ಅಯ್ಯೋ ಬಾಯಲ್ಲಿ ಹೇಳಿದ್ರೆ ಸಾಕು ಸಾರ್’ ಎನ್ನುವವನು ಮಹಜರಿನ ದಿನ ರಜೆಯಲ್ಲಿರುತ್ತಾನೆ.

ಮೀಟರನ್ನು ನಿಧಾನ ಮಾಡಿಕೊಡುತ್ತೇನೆಂದು ಬರುವ ಮಹಾನುಭಾವರಿಗೂ ಒಂದು ಮಾತು ಹೇಳಬೇಕು. ಈಗಿನ ಹಲವು ಎಲೆಕ್ಟ್ರಾನಿಕ್ ಮೀಟರುಗಳು ಮುಚ್ಚಳ ತೆರೆದದ್ದನ್ನು, ಅಯಸ್ಕಾಂತ ಹತ್ತಿರ ತಂದದ್ದನ್ನು ತಾರೀಖು, ಗಂಟೆ ಸಮೇತ ಬರೆದಿಟ್ಟುಕೊಳ್ಳುತ್ತವೆ. ಸೂಪರ್ ಗ್ಲೂ ಹಚ್ಚಿ ಸೀಲು ಅಂಟಿಸಬಹುದು, ಆ ನೆನಪನ್ನು ಅಂಟಿಸಲಾಗದು. ಮೀಟರು ಅಷ್ಟು ಚುರುಕಾಗಿದೆ. ಹಾಗಾಗಿ ತಪ್ಪು ಮಾಡದವನು ಕೇಳಬೇಕಾದ ಪ್ರಶ್ನೆಯೂ ಅಲ್ಲೇ ಇದೆ: ‘ಮುಚ್ಚಳ ತೆರೆದ ದಾಖಲೆ ಯಾವ ತಾರೀಖಿನದು, ಅದರ ಪ್ರತಿ ಕೊಡಿ.’ ಆ ತಾರೀಖು ನಿಮ್ಮ ಹನ್ನೆರಡು ತಿಂಗಳನ್ನು ಎರಡಕ್ಕೆ ಇಳಿಸಬಹುದು. ಲೈನ್‌ಮನ್ ಬಂದ ದಿನಕ್ಕೆ ತಾಳೆಯಾದರೆ ಕತೆಯೇ ಬದಲಾಗಬಹುದು.

ತಪಾಸಣೆ ನಡೆಯುವಾಗ ಗಲ್ಲಾ ಬಿಟ್ಟು ಓಡಬೇಡಿ. ಎದುರಿಗೇ ನಿಲ್ಲಿ. ವಶಪಡಿಸಿಕೊಂಡ ಪ್ರತಿ ವಸ್ತುವಿನ ಪಟ್ಟಿಯನ್ನು ನಿಮಗೆ ಕೊಡಬೇಕು. ಖಾಲಿ ಹಾಳೆಗೆ ಸಹಿ ಹಾಕಬೇಡಿ. ಆರ್.ಆರ್. ನಂಬರ್ ತೀರಿಹೋದ ಮಾಲೀಕರ ಹೆಸರಲ್ಲಿದೆ, ನಾನು ಬಾಡಿಗೆಯವನು ಎನ್ನುವ ವಾದವೂ ನಡೆಯದು. 126ರ ಆದೇಶ ಜಾಗದ ಸ್ವಾಧೀನದಲ್ಲಿರುವವನಿಗೇ ಬರುತ್ತದೆ. ಹೆಸರು ಬದಲಾವಣೆಯ ಅರ್ಜಿ ಹಾಕಿದಾಗ ನೀವು ಯಾರೆಂದೇ ಇವರಿಗೆ ಗೊತ್ತಿರುವುದಿಲ್ಲ. ವಸೂಲಿಗೆ ಬಂದಾಗ ಕ್ಷಣದಲ್ಲಿ ಗುರುತು ಸಿಗುತ್ತದೆ.

ನೋಟಿಸು ಬಂದರೆ ಮೊತ್ತಕ್ಕಿಂತ ಮೊದಲು ಸೆಕ್ಷನ್ ನೋಡಿ. 126 ಎಂದಿದ್ದರೆ ಅದು ತಾತ್ಕಾಲಿಕ ಆದೇಶ. ಏಳು ದಿನದಲ್ಲಿ ಒಪ್ಪಿ ಕಟ್ಟಬಹುದು. ಇಲ್ಲವೇ ಆಕ್ಷೇಪಣೆ ಬರೆದು, ಫೋಟೋ, ರಸೀದಿ, ಸ್ವೀಕೃತಿ ಲಗತ್ತಿಸಿ, ವಿಚಾರಣೆ ಕೇಳಬಹುದು. ಆದೇಶ ಕೈಗೆ ಬಂದ 30 ದಿನದೊಳಗೆ ಅಧಿಕಾರಿ ಅಂತಿಮ ತೀರ್ಮಾನ ಕೊಡಬೇಕು. ಆ ಅಧಿಕಾರಿ ಕರೆಂಟು ಮಾರುವ ಕಂಪನಿಯವರೇ ಆಗಿರಬಹುದು. ಮಾರುವವರೂ ಅವರೇ, ಹಿಡಿಯುವವರೂ ಅವರೇ, ತೀರ್ಪೂ ಅವರದೇ. ಒಪ್ಪದಿದ್ದರೆ ಮತ್ತೆ 30 ದಿನದೊಳಗೆ 127ರ ಮೇಲ್ಮನವಿ. ಅದಕ್ಕೆ ಅರ್ಧ ದುಡ್ಡು ಮೊದಲೇ ಇಡಬೇಕು. ನಮ್ಮ ಲೆಕ್ಕದಲ್ಲಿ 28,800ಕ್ಕೆ 14,400. ಸುಮ್ಮನೆ ಕೂತರೆ ವರ್ಷಕ್ಕೆ ಶೇಕಡಾ 16ರ ಬಡ್ಡಿ, ಆರು ತಿಂಗಳಿಗೊಮ್ಮೆ ಚಕ್ರಬಡ್ಡಿ. ಸಿವಿಲ್ ಕೋರ್ಟಿನ ಬಾಗಿಲು ಸೆಕ್ಷನ್ 145 ಮುಚ್ಚಿದೆ. 126ರ ಲೆಕ್ಕ ಗ್ರಾಹಕ ವೇದಿಕೆಯ ವಿಷಯವಲ್ಲ ಎಂದು 2013ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಒಪ್ಪಿ ಸಹಿ ಹಾಕಿ ಹೊರಬಿದ್ದ ಆದೇಶದ ಮೇಲೆ ಮೇಲ್ಮನವಿಯೂ ಇಲ್ಲ. ‘ಸುಮ್ನೆ ಒಂದು ಸಹಿ ಹಾಕಿ ಸಾರ್’ ಎನ್ನುವುದರ ಅರ್ಥ ಅದು.

135 ಎಂದಿದ್ದರೆ ಸೆಕ್ಷನ್ ಆಫೀಸಿನಲ್ಲಿ ಕಾಫಿ ಕುಡಿಸಿ ಸಮಯ ಕಳೆಯಬೇಡಿ, ವಕೀಲರ ಬಳಿ ಹೋಗಿ. ಅಲ್ಲಿ ‘ರಾಜಿ ಮಾಡ್ಕೊಳ್ಳಿ’ ಎಂಬ ಮಾತು ಬಂದೇ ಬರುತ್ತದೆ. ಅದು ಸೆಕ್ಷನ್ 152. ರಾಜ್ಯ ಸರ್ಕಾರ ಅಧಿಸೂಚನೆಯಿಂದ ಬದಲಿಸದ ಹೊರತು, ಕಾಯ್ದೆಯ ಪಟ್ಟಿಯಲ್ಲಿ ವಾಣಿಜ್ಯ ಬಳಕೆಗೆ ಕಿಲೋವ್ಯಾಟ್‌ಗೆ 10,000 ರೂಪಾಯಿ. ಎರಡು ಕಿಲೋವ್ಯಾಟಿನ ಅಂಗಡಿಗೆ 20,000, ಕರೆಂಟಿನ ಬಾಕಿ ಬೇರೆ. ಕಟ್ಟಿದರೆ ಖುಲಾಸೆಯಾದಂತೆ. ದುಡ್ಡಿಗೆ ರಸೀದಿ ಕೇಳಿ. ರಸೀದಿ ಇಲ್ಲದ ರಾಜಿ 152 ಅಲ್ಲ, ಅದಕ್ಕೆ ಬೇರೆ ಹೆಸರಿದೆ. ಮತ್ತು ಈ ರಾಜಿ ಒಬ್ಬ ಗ್ರಾಹಕನಿಗೆ ಒಂದೇ ಸಲ.